30 ದಿನಕ್ಕೊಮ್ಮೆ ಇದೇ ಗೋಳು

ನಮ್ಮದು ಕಲಬುರಗಿಯಲ್ಲಿ ಲೆಕ್ಕಪತ್ರದ ಆಫೀಸು. ಒಂದು ಸರ್ಕಾರಿ ಪೋರ್ಟಲಿನಲ್ಲಿ ಡಿಜಿಟಲ್ ಸಹಿ ಹಾಕಲು ಇವತ್ತಿಗೂ ಇಂಟರ್ನೆಟ್ ಎಕ್ಸ್‌ಪ್ಲೋರರೇ ಬೇಕು. ಮೈಕ್ರೋಸಾಫ್ಟ್ ಅದನ್ನು 2022ರ ಜೂನ್‌ನಲ್ಲೇ ನಿಲ್ಲಿಸಿದೆ. ಹಾಗಾಗಿ ಎಡ್ಜ್ ಬ್ರೌಸರಿನಲ್ಲಿ ಹಳೇ ಎಕ್ಸ್‌ಪ್ಲೋರರಿನಂತೆ ಪುಟ ತೆರೆಯುವ ಐಇ ಮೋಡ್‌ಗೆ ಆ ಪೋರ್ಟಲಿನ ವಿಳಾಸ ಸೇರಿಸುತ್ತೇವೆ. ಅದು ಇರುವುದು 30 ದಿನ ಮಾತ್ರ, ಆಮೇಲೆ ಮತ್ತೆ ಸೇರಿಸಬೇಕು. ನಿನ್ನೆ ತೊಗರಿ ವ್ಯಾಪಾರಿಯೊಬ್ಬರು ಎದುರಿಗೇ ಕೂತಿದ್ದರು. ಸಹಿ ಬಟನ್ ಒತ್ತಿದರೆ ಸುಮ್ನೆ ನಿಂತಿತು, ಎರರ್ ಕೂಡ ಇಲ್ಲ. ನೋಡಿದರೆ ಅವಧಿ ಮುಗಿದಿತ್ತು.

ಸಹಾಯವಾಣಿಯವರು "ಆಕ್ಟಿವ್‌ಎಕ್ಸ್ ಎಲ್ಲಾ ಎನೇಬಲ್ ಮಾಡಿ ಸರ್" ಅಂದರು. ಸಿಟ್ಟು ಬಂದದ್ದು ಅದಕ್ಕೇ. ಆಕ್ಟಿವ್‌ಎಕ್ಸ್ ಅಂದರೆ ವೆಬ್ ಪುಟ ನಮ್ಮ ಕಂಪ್ಯೂಟರಿನಲ್ಲಿ ಓಡಿಸುವ ಪುಟ್ಟ ಪ್ರೋಗ್ರಾಂ. ಎಲ್ಲಾ ಎನೇಬಲ್ ಮಾಡಿದರೆ ಐಇ ಮೋಡ್‌ನಲ್ಲಿ ತೆರೆದ ಯಾವ ಪುಟ ಬೇಕಾದರೂ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡಿಸಬಹುದು. ಗಿರಾಕಿಯ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್ ಆ ಕಂಪ್ಯೂಟರಿಗೇ ಚುಚ್ಚಿರುತ್ತದೆ, ಅಲ್ವಾ? ಪೋರ್ಟಲಿನ ವಿಳಾಸವನ್ನು ಐಇ ಮೋಡ್‌ಗೆ ಮತ್ತೆ ಸೇರಿಸಿ, ಅದೊಂದನ್ನೇ ಟ್ರಸ್ಟೆಡ್ ಸೈಟ್ಸ್ ಪಟ್ಟಿಗೆ ಹಾಕಿ, ಅಲ್ಲಿ ಮಾತ್ರ ಸಡಿಲ ಬಿಟ್ಟೆ. ಸಹಿ ಆಯಿತು. ಟೋಕನ್ ತಕ್ಷಣ ಕಿತ್ತು ಅವರ ಕೈಗೆ ಕೊಟ್ಟೆ.