ಸೀರೆಯ ಫೋಟೋ ಕಳಿಸುವಾಗ ಕುಚ್ಚಿನದ್ದೂ ಒಂದು ಕಳಿಸಿ

ನನ್ನ ತವರು ಬಾಗಲಕೋಟೆ ಕಡೆ. ಮದುವೆಯಾಗಿ ಶಿರಸಿಗೆ ಬಂದ ಮೇಲೆ ಈ ಮನೆಯಲ್ಲಿ ನಾನೇ ಇಳಕಲ್ ಸೀರೆಯ ಪಂಡಿತೆ. ಯಾರ ಮನೆಯಲ್ಲಿ ಉಪನಯನ, ಮದುವೆ ಇದ್ದರೂ ವಾಟ್ಸಾಪಿಗೆ ಸೀರೆ ಫೋಟೋ ಬರುತ್ತದೆ. ಹತ್ತರಲ್ಲಿ ಒಂಬತ್ತು ಫೋಟೋ ಗೊಂಬೆಗೆ ಉಡಿಸಿದ ಸೀರೆಯದ್ದು. ಅದನ್ನು ನೋಡಿ ಚಂದ ಇದೆ ಅನ್ನಬಹುದು, ಬೇರೇನೂ ಹೇಳಲು ಬರುವುದಿಲ್ಲ.

ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಕುಮಟಾದಿಂದ ಅತ್ತಿಗೆ ಬಂದಿದ್ದರು. ಜಾತ್ರೆ ಪೇಟೆಯ ಒಂದು ಮಳಿಗೆಯಿಂದಲೇ ಫೋಟೋ ಕಳಿಸಿದರು. ಗಿಳಿ ಹಸಿರು ಒಡಲು, ಕೆಂಪು ಅಂಚು, ಕೆಂಪು ಸೆರಗಿನಲ್ಲಿ ಬಿಳಿ ಹಲ್ಲು ಹಲ್ಲಿನ ಚಿತ್ತಾರ. ಜೊತೆಗೊಂದು ವಾಯ್ಸ್ ಮೆಸೇಜು: "ಪ್ಯೂರ್ ಸಿಲ್ಕ್ ಇಳಕಲ್ ಹೇಳ್ತ ಮಾರಾಯ್ತಿ, ಹನ್ನೊಂದೂವರೆ ಸಾವಿರ. ತಗಳಲಕ್ಕಾ?"

ಆ ಚಿತ್ತಾರ ನೋಡಿ ಇಳಕಲ್ ಅಂದುಬಿಡುವುದೇ ನಾವೆಲ್ಲ ಮಾಡುವ ತಪ್ಪು. ಚಿತ್ತಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹೊಡೆದದ್ದನ್ನೂ ನಾನು ನೋಡಿದ್ದೇನೆ. ನಕಲು ಮಾಡಲು ಕಷ್ಟವಾಗುವುದು ಒಡಲು ಮತ್ತು ಸೆರಗು ಸೇರುವ ಜಾಗ.

ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ನೂಲು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಸಾಮಾನ್ಯ ಸೀರೆಯಲ್ಲಿ ಒಂದೇ ಹಾಸು ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತದೆ. ಇಳಕಲ್‌ನಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹಸಿರು ಎಳೆಯ ಕೊಂಡಿಗೆ ಕೆಂಪು ಎಳೆಯ ಕೊಂಡಿ ಸಿಕ್ಕಿಸಿ, ಹೀಗೆ ಸಾವಿರಾರು ಎಳೆಗಳನ್ನು ಜೋಡಿಸುತ್ತಾರೆ. ಇದಕ್ಕೆ ತೋಪು ತೆನೆ ಸೆರಗು ಎನ್ನುತ್ತಾರೆ. ಈ ಜೋಡಣೆಯ ಕಾರಣಕ್ಕೇ ಒಂದೊಂದು ಸೀರೆಗೂ ಬೇರೆ ಹಾಸು ತಯಾರು ಮಾಡಬೇಕು. ಯಂತ್ರಮಗ್ಗದವನಿಗೆ ಇದು ಪೂರೈಸುವುದಿಲ್ಲ. ಅವನು ನೂರಾರು ಮೀಟರ್ ಉದ್ದದ ಒಂದೇ ಹಾಸು ಹೂಡಿ ಸೀರೆ ಮೇಲೆ ಸೀರೆ ನೇಯುತ್ತಾ ಹೋಗುವವನು.

ಹಾಗಾದರೆ ಫೋಟೋದಲ್ಲಿ ಇದು ಕಾಣುವುದು ಎಲ್ಲಿ? ಕುಚ್ಚಿನಲ್ಲಿ. ಸೆರಗಿನ ತುದಿಯಲ್ಲಿ ನೇತಾಡುವ ಎಳೆಗಳು ಹಾಸಿನ ಎಳೆಗಳೇ ಅಲ್ವಾ? ಖರೇ ಇಳಕಲ್ ಆದರೆ ಒಡಲು ಹಸಿರಿದ್ದರೂ ಅವು ಕೆಂಪಗೇ ಇರಬೇಕು. ಸೀರೆಯ ಇನ್ನೊಂದು ತುದಿಯಲ್ಲಿ ಹಸಿರು ಎಳೆ ಇರಬೇಕು. ನಕಲಿಯಲ್ಲಿ ಎರಡೂ ತುದಿಯಲ್ಲಿ ಹಸಿರೇ. ಅಲ್ಲಿ ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಹೊಡೆದು ಸೆರಗು ಮಾಡಿರುತ್ತಾರೆ. ಅದಕ್ಕೇ ಸೆರಗಿನ ಕೆಂಪು ಕಂದು ಕಂದಾಗಿ, ಓರೆ ಮಾಡಿದರೆ ಎರಡು ಬಣ್ಣ ಹೊಳೆಯುವ ಹಾಗೆ ಕಾಣುತ್ತದೆ. ಒಡಲೂ ಕೆಂಪಾಗಿದ್ದರೆ, ಅಥವಾ ಕುಚ್ಚನ್ನು ಬೇರೆ ನೂಲಿನಿಂದ ಕಟ್ಟಿಸಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಜೋಡಣೆಯ ಜಾಗವನ್ನು ಹಿಂಬದಿಯಿಂದ ನೋಡಲೇಬೇಕು.

ಇದೇ ನಿಯಮವನ್ನು ಎಲ್ಲ ಸೀರೆಗೂ ಹಚ್ಚಬೇಡಿ. ಕಂಚಿಯಲ್ಲೂ ಹೀಗೆ ಸೆರಗು ಜೋಡಿಸುವ ಪೇಟ್ನಿ ಪದ್ಧತಿ ಇದೆ. ಆದರೆ ಅದಿಲ್ಲದ ಕೈಮಗ್ಗದ ಕಂಚಿ ಸೀರೆಗಳೂ ಧಾರಾಳ ಇವೆ. ಗದ್ವಾಲ್ ಆದರೆ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸಿರುತ್ತಾರೆ. ಮುಟ್ಟಿದರೆ ಗೊತ್ತಾಗುತ್ತದೆ, ಫೋಟೋದಲ್ಲಿ ಮೋಸ ಹೋಗುತ್ತೇವೆ.

ಅತ್ತಿಗೆಗೆ ಮೂರು ಫೋಟೋ ಕಳಿಸಿ ಅಂದೆ. ಕುಚ್ಚಿನದ್ದು, ಸೆರಗು ಜೋಡಿಸಿದ ಜಾಗದ ಹಿಂಬದಿಯದ್ದು, ಅಂಚನ್ನು ಸ್ವಲ್ಪ ಹಿಗ್ಗಿಸಿ ಹಿಡಿದದ್ದು. ಟ್ಯೂಬ್‌ಲೈಟ್ ಕೆಳಗೆ ಬೇಡ, ಹೊರಗಿನ ಬೆಳಕಿಗೆ ತನ್ನಿ ಎಂದೂ ಹೇಳಿದೆ.

ಕುಚ್ಚು ಅಚ್ಚ ಕೆಂಪು. ಹಿಂಬದಿಯಲ್ಲಿ ಕೆಂಪು, ಹಸಿರು ಕೊಂಡಿಗಳ ಸಣ್ಣ ಗೆರೆ ಸ್ಪಷ್ಟವಾಗಿತ್ತು. ಇಳಕಲ್ಲೇ, ಅನುಮಾನ ಇಲ್ಲ. ಅಂಚಿನ ಫೋಟೋದಲ್ಲಿ ಮಾತ್ರ ಕೆಂಪಿನ ನಡುವೆ ಹಸಿರು ಹೊಕ್ಕು ಇಣುಕುತ್ತಿತ್ತು. ಅಂದರೆ ಹೊಕ್ಕಿನ ನೂಲು ಒಯ್ಯುವ ಒಂದೇ ಲಾಳಿ ಈ ದಡದಿಂದ ಆ ದಡಕ್ಕೆ ಓಡಿದೆ. ಅಂಚಿಗೆ ಬೇರೆ, ಒಡಲಿಗೆ ಬೇರೆ ಎಂದು ಮೂರು ಲಾಳಿ ಬಳಸಿದ್ದರೆ ಅಂಚು ಪೂರ್ತಿ ಕೆಂಪಾಗಿರುತ್ತಿತ್ತು, ಕೆಲಸವೂ ಜಾಸ್ತಿ ಹಿಡಿಯುತ್ತಿತ್ತು. ಒಂದೇ ಲಾಳಿ ಅನ್ನುವುದು ದೋಷವಲ್ಲ. ಬೆಲೆ ಕಟ್ಟುವಾಗ ಅದು ಲೆಕ್ಕಕ್ಕೆ ಬರಬೇಕು, ಅಷ್ಟೇ.

ಉಳಿದದ್ದು 'ಪ್ಯೂರ್ ಸಿಲ್ಕ್' ಅನ್ನುವ ಮಾತು. ಅದನ್ನು ಯಾವ ಫೋಟೋದಿಂದಲೂ ಹೇಳಲಾಗದು. ಅಂಗಡಿಯವರು ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ತೋರಿಸಿದರಂತೆ. ಚೀಟಿ ಖರೇನೇ ಇರಬಹುದು. ಆದರೆ ಅದು ಹೇಳುವುದು ಕೈಮಗ್ಗದಲ್ಲಿ ನೇಯ್ದದ್ದು ಎಂದು ಮಾತ್ರ. ರೇಷ್ಮೆ ಶುದ್ಧವೇ ಎಂದು ಹೇಳುವುದು ಸಿಲ್ಕ್ ಮಾರ್ಕ್. ಅದಕ್ಕೆ ಕೈಮಗ್ಗವೋ ಯಂತ್ರವೋ ಬೇಕಾಗಿಲ್ಲ. ಒಂದನ್ನು ತೋರಿಸಿ ಇನ್ನೊಂದರ ದುಡ್ಡು ಕೇಳುವುದು ಹಳೇ ಕಥೆ.

ಜಾತ್ರೆ ಮುಗಿಯಲು ಇನ್ನೂ ದಿನ ಇತ್ತು. ಮರುದಿನ ನಾನೇ ಹೋದೆ. ಅಂಗಡಿಯವರನ್ನು ಕೇಳಿಯೇ ಒಳತುದಿಯಿಂದ ಉದ್ದದ ಒಂದು ಎಳೆ, ಅಡ್ಡದ ಒಂದು ಎಳೆ ಬಿಡಿಸಿಕೊಂಡೆ. ಬೇರೆ ಬೇರೆ ಸುಡಬೇಕು, ಇದು ಮುಖ್ಯ. ಹೆಚ್ಚಿನವರು ಸಿಕ್ಕಿದ ಒಂದು ಎಳೆ ಸುಟ್ಟು ಸುಮ್ನಾಗುತ್ತಾರೆ. ಉದ್ದದ ಎಳೆ ಬೆಂಕಿ ಕಂಡು ಮುದುಡಿತು, ಕೂದಲು ಸುಟ್ಟ ವಾಸನೆ ಬಂತು, ಬೆರಳಲ್ಲಿ ಒತ್ತಿದರೆ ಕರಿ ಪುಡಿಯಾಯಿತು. ಅದು ರೇಷ್ಮೆ. ಅಡ್ಡದ ಎಳೆ ಭರ್ರನೆ ಉರಿದು ಹೋಯಿತು, ಕಾಗದ ಸುಟ್ಟ ವಾಸನೆ, ಚಿಟಿಕೆ ಬೂದಿ. ಕೆಳಗೆ ಗಟ್ಟಿ ಮಣಿ ಉಳಿದಿದ್ದರೆ ಪಾಲಿಯೆಸ್ಟರ್ ಅನ್ನಬಹುದಿತ್ತು. ಇದು ಹೊಳಪಿನ ಕೃತಕ ರೇಷ್ಮೆ. ನಮ್ಮ ಕಡೆ ಚಮಕ ಎನ್ನುತ್ತಾರೆ.

ಕೈಮಗ್ಗ ಹೌದು, ಇಳಕಲ್ ಹೌದು, ರೇಷ್ಮೆ ಅರ್ಧ ಮಾತ್ರ ಹೌದು.

ಬೆಲೆ ಹೀಗೆ ಕಟ್ಟಿದೆ. ಸೀರೆ ತೂಕ 450 ಗ್ರಾಂ. ಪೂರ್ತಿ ರೇಷ್ಮೆ ಆಗಿದ್ದರೆ ಸುಮಾರು 600 ಗ್ರಾಂ ಕಚ್ಚಾ ರೇಷ್ಮೆ ಬೇಕಿತ್ತು, ಯಾಕೆಂದರೆ ಬೇಯಿಸಿ ಅಂಟು ತೆಗೆಯುವಾಗ ಕಾಲು ಭಾಗದಷ್ಟು ತೂಕ ಹೋಗುತ್ತದೆ. ಕಿಲೋಗೆ ಐದೂವರೆ ಸಾವಿರ ಹಿಡಿದರೂ ನೂಲಿಗೇ 3,300. ಇಲ್ಲಿ ರೇಷ್ಮೆ ಅರ್ಧ, ಅಂದರೆ 1,650. ಚಮಕದ ನೂಲು ಮತ್ತು ಬಣ್ಣಕ್ಕೆ 400 ಇಟ್ಟುಕೊಂಡೆ. ಹಾಸು ಮಾಡಿ, ಜೋಡಿಸಿ, ನೇಯಲು ನಾಲ್ಕು ದಿನ, ದಿನಕ್ಕೆ 600ರಂತೆ 2,400. ಜರಿ ಇಲ್ಲ. ಒಟ್ಟು 4,450. ಅದರ ಮೇಲೆ ಸಾಗಾಟ, ಮಳಿಗೆ ಬಾಡಿಗೆ, ಲಾಭ ಸೇರಿ ನೂರಕ್ಕೆ ನಲವತ್ತು ಕೊಟ್ಟರೆ 6,200ರ ಸುತ್ತ ಬರುತ್ತದೆ.

"ನಾಲ್ಕಕ್ಕೆ ಕೇಳನ?" ಅಂದರು ಅತ್ತಿಗೆ. ನಾನು ಬೇಡ ಎಂದೆ. ಚಮಕವಿದ್ದರೂ ಕೊಂಡಿ ಜೋಡಿಸಿದ ಕೈಗೆ ಕೆಲಸ ಕಡಿಮೆಯಾಗಿಲ್ಲ. ಇಳಿಯಬೇಕಾದದ್ದು ನೂಲಿನ ಬೆಲೆ. ಚೌಕಾಸಿ ಮಾಡುವಾಗ ನಾವು ಸಾಮಾನ್ಯವಾಗಿ ಕೂಲಿಯನ್ನೇ ತಿಂದುಬಿಡುತ್ತೇವೆ, ಅಂಗಡಿಯವರ ಸುಳ್ಳಿನ ದುಡ್ಡು ಹಾಗೇ ಉಳಿಯುತ್ತದೆ.

ಸುಟ್ಟ ಎಳೆ ಮುಂದಿಟ್ಟ ಮೇಲೆ ಅಂಗಡಿಯವರು ಜಾಸ್ತಿ ವಾದ ಮಾಡಲಿಲ್ಲ. 6,500ಕ್ಕೆ ಬಂದರು. ಬಿಲ್ಲಿನಲ್ಲಿ 'ಹಾಸು ರೇಷ್ಮೆ, ಹೊಕ್ಕು ಚಮಕ' ಎಂದು ಬರೆಸಿಕೊಂಡೆವು. ಅತ್ತಿಗೆ ಮೊನ್ನೆ ಅದನ್ನೇ ಉಟ್ಟು ಫೋಟೋ ಕಳಿಸಿದ್ದಾರೆ. ಕುಚ್ಚು ಮುಂದೆ ಹಿಡಿದುಕೊಂಡು ನಿಂತಿದ್ದಾರೆ.