ಬ್ರೇಕ್‌ಔಟ್ ರೂಮಿನ ಎಂಟು ನಿಮಿಷ

ಆನ್‌ಲೈನ್ ನೆಟ್‌ವರ್ಕಿಂಗ್ ಅಂದ ತಕ್ಷಣ ಜನ ಹಿನ್ನೆಲೆ, ಅಂಗಿಯ ಬಣ್ಣ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಮುಖಕ್ಕೆ ಎದುರಿನಿಂದ ಬೆಳಕು ಬಿದ್ದು, ಮಾತು ಸರಿಯಾಗಿ ಕೇಳಿಸಿದರೆ ಸಾಕು. ನೂರು ಜನ ಸೇರಿದ ಮೀಟಿಂಗಿನಲ್ಲಿ ನೀವು ಒಂದು ಪುಟ್ಟ ಚೌಕ ಅಷ್ಟೇ. ಯಾರಾದರೂ ನಿಮ್ಮನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಮೀಟಿಂಗ್ ನಡೆಸುವವರು ಕೆಲವೇ ಜನರನ್ನು ಸ್ವಲ್ಪ ಹೊತ್ತು ಬೇರೆಯಾಗಿ ಕೂರಿಸುವ ಬ್ರೇಕ್‌ಔಟ್ ರೂಮಿನಲ್ಲಿ.

ನಾಲ್ಕು ಜನ, ಎಂಟು ನಿಮಿಷ ಅಂದುಕೊಳ್ಳಿ. ರೂಮಿಗೆ ಬಂದ ಕೂಡಲೇ ಎಲ್ಲರೂ ಮ್ಯೂಟ್‌ನಲ್ಲಿ, ಯಾರು ಶುರು ಮಾಡಬೇಕೋ ಗೊತ್ತಿಲ್ಲ. ಅರ್ಧ ನಿಮಿಷ ಸುಮ್ನೆ ಹೋಗುತ್ತದೆ. ಆಗ ನೀವೇ ಹೇಳಿ: "ನಮಸ್ಕಾರ. ತಲಾ ಒಂದು ನಿಮಿಷ ಪರಿಚಯ ಮಾಡ್ಕೊಂಡು, ಉಳಿದ ಸಮಯ ಮಾತಾಡೋಣ್ವಾ? ನಾನೇ ಶುರು ಮಾಡ್ತೀನಿ."

ಪರಿಚಯದಲ್ಲಿ ಹುದ್ದೆಯ ಹೆಸರು ಹೇಳಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ. "ಸಣ್ಣ ಅಂಗಡಿಗಳ ಲೆಕ್ಕ ನೋಡ್ಕೋತೀನಿ. ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಯಿಸ್ಬೇಕು, ಬಳಸಿದವರ ಅನುಭವ ಕೇಳ್ಬೇಕಿತ್ತು" ಅಂದರೆ ಎದುರಿನವರಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ. ಮುಗಿಸುವಾಗ ಚೌಕದಲ್ಲಿರುವ ಹೆಸರು ನೋಡಿ ಮುಂದಿನವರನ್ನು ಕರೆಯಿರಿ. ಯಾರು ಯಾರ ಕಡೆ ತಿರುಗಿದ್ದಾರೆ ಅಂತ ಸ್ಕ್ರೀನಿನಲ್ಲಿ ಕಾಣುವುದಿಲ್ಲ ಅಲ್ವಾ, ಹೆಸರು ಹಿಡಿದು ಕರೆಯದಿದ್ದರೆ ಮತ್ತೆ ಮೌನ.

ಒಬ್ಬರು ಮೂರು ನಿಮಿಷ ನುಂಗುವುದು ಖಂಡಿತ. ಮಧ್ಯೆ "ಹೂಂ ಹೂಂ" ಅನ್ನಬೇಡಿ, ಎರಡು ದನಿ ಒಟ್ಟಿಗೆ ಬಂದರೆ ಎರಡೂ ಅರ್ಧಂಬರ್ಧ ಕೇಳುತ್ತವೆ. ತಲೆ ಆಡಿಸಿದರೆ ಸಾಕು. ಅವರು ಉಸಿರು ಎಳೆದುಕೊಂಡಾಗ, ಅವರ ಮಾತಿನದೇ ಒಂದು ತುಂಡು ಹಿಡಿದು ಇನ್ನೂ ಬಾಯಿ ಬಿಡದವರ ಕಡೆ ದಾಟಿಸಿ: "ಡೆಲಿವರಿ ತಡ ಆಗುತ್ತೆ ಅಂದ್ರಲ್ಲ, ನಿಮ್ಮಲ್ಲೂ ಹಾಗೇನಾ ಮೇಡಂ?" ಮಾತು ನಿಲ್ಲಿಸಿದ್ದು ಅವರಿಗೆ ಬೇಸರ ತರುವುದಿಲ್ಲ, ಸುಮ್ಮನೆ ಕೂತಿದ್ದವರು ಮಾತ್ರ ನಿಮ್ಮನ್ನು ಮರೆಯುವುದಿಲ್ಲ. ನನ್ನ ಪ್ರಕಾರ ಚೆಂದದ ಪರಿಚಯಕ್ಕಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಚಾಟ್. ಝೂಮ್‌ನಲ್ಲಿ ರೂಮಿನೊಳಗೆ ಬರೆದದ್ದು ಆ ರೂಮಿನವರಿಗೆ ಮಾತ್ರ ಕಾಣುತ್ತದೆ. ರೂಮ್ ಮುಚ್ಚುವಾಗ ಸಾಮಾನ್ಯವಾಗಿ 60 ಸೆಕೆಂಡಿನ ಎಣಿಕೆ ಬರುತ್ತದೆ. ಆಗ ಲಿಂಕ್ ಹುಡುಕಲು ಹೋದರೆ ಮುಗಿಯಿತು. ನಿಮ್ಮ ಪ್ರೊಫೈಲ್ ಲಿಂಕನ್ನು ಮೊದಲೇ ಕಾಪಿ ಮಾಡಿಟ್ಟುಕೊಂಡು, ಮಾತಿನ ನಡುವೆಯೇ ಹಾಕಿಬಿಡಿ.

ಮುಖ್ಯ ಮೀಟಿಂಗಿಗೆ ವಾಪಸ್ ಬಂದ ಮೇಲೆ ಒಬ್ಬರಿಗೆ ಖಾಸಗಿ ಮೆಸೇಜ್ ಕಳಿಸಿ. "ಭೇಟಿಯಾಗಿ ಸಂತೋಷ" ಬೇಡ. "ನೀವು ಹೇಳಿದ ಸ್ಟಾಕ್ ಲೆಕ್ಕದ ಶೀಟ್ ನೋಡಬಹುದಾ? ನಾಳೆ ಮೇಲ್ ಮಾಡ್ತೀನಿ" ಅಂತ ಬರೆಯಿರಿ. ಕಳಿಸುವ ಮೊದಲು ಮೇಲೆ ಯಾರ ಹೆಸರಿದೆ ನೋಡಿ. ಅಲ್ಲಿ Everyone ಅಂತ ಉಳಿದಿದ್ದರೆ ನಿಮ್ಮ ಗುಟ್ಟು ನೂರು ಜನಕ್ಕೆ ಹೋಗುತ್ತದೆ. ಕೆಲವು ಹೋಸ್ಟ್‌ಗಳು ಖಾಸಗಿ ಚಾಟ್ ಬಂದ್ ಮಾಡಿರುತ್ತಾರೆ, ಹಾಗಿದ್ದರೆ ಸಂಪರ್ಕದ ವಿವರವನ್ನು ರೂಮಿನಲ್ಲೇ ಕೇಳಿಕೊಳ್ಳಬೇಕು.

ಎಂಟು ಜನ, ಐದು ನಿಮಿಷ ಅಂತ ಕೊಟ್ಟರೆ ಈ ಯಾವುದೂ ನಡೆಯಲ್ಲ. ಪರಿಚಯವನ್ನು ಎಲ್ಲರೂ ಚಾಟ್‌ನಲ್ಲೇ ಒಂದೊಂದು ಸಾಲು ಬರೆಯೋಣ ಅಂತ ಹೇಳಿ, ಅದರಲ್ಲಿ ಯಾರದಾದರೂ ಒಂದು ಸಾಲು ಹಿಡಿದು ಮಾತು ಶುರು ಮಾಡಿ.