ಅಲಾರಂ ಬಾರಿಸಬೇಕಾದದ್ದು ಕೊನೆಯ ರಾತ್ರಿಯಲ್ಲಲ್ಲ

ನನ್ನ ಮಗಳು ಧಾರವಾಡದಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆ ಆರಂಭವಾದ ಮೊದಲ ವಾರದಲ್ಲಿಯೇ ಅವಳು ಹೋಮ್‌ವರ್ಕ್‌ಗೆಂದು ನನ್ನ ಮೊಬೈಲ್‌ನಲ್ಲಿ ತಾನೇ ಅಲಾರಂಗಳನ್ನು ಇಟ್ಟುಕೊಂಡಳು. ಎರಡು ತಿಂಗಳು ಅದನ್ನು ಹತ್ತಿರದಿಂದ ನೋಡಿದ ಮೇಲೆ, ಇಂತಹ ಅಲಾರಂ ಕೆಲಸ ಮುಗಿಯಬೇಕಾದ ಹೊತ್ತಿಗಲ್ಲ, ಕೆಲಸ ಶುರುವಾಗಬೇಕಾದ ಹೊತ್ತಿಗೆ ಬಾರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿದೆ.

ಮೊದಲ ತೊಡಕು ಮೊಬೈಲ್‌ನದೇ ಆಗಿತ್ತು. ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ಸಂಜೆ ಆರೂವರೆಗೆ ಅವಳ ಗಣಿತದ ಅಲಾರಂ ಬಾರಿಸುವಾಗ ನಾನು ಚಿಗರಿ ಬಸ್ಸಿನಲ್ಲಿ ನವನಗರದ ಆಸುಪಾಸು ಇರುತ್ತಿದ್ದೆ. ಎಚ್ಚರಿಕೆ ನನ್ನ ಜೇಬಿಗೆ ಸಿಗುತ್ತಿತ್ತೇ ಹೊರತು ಮನೆಯಲ್ಲಿದ್ದ ಹುಡುಗಿಗಲ್ಲ. ಮನೆಯಲ್ಲಿ ಬಿದ್ದಿದ್ದ ಹಳೆಯ ಮೊಬೈಲ್ ಒಂದನ್ನು ಸಿಮ್ ಇಲ್ಲದೆಯೇ ಅವಳಿಗೆ ಕೊಟ್ಟೆವು. ಅಲಾರಂಗೆ ಸಿಮ್ಮಾಗಲಿ ಇಂಟರ್ನೆಟ್ ಆಗಲಿ ಬೇಕಿಲ್ಲ, ಚಾರ್ಜ್ ಇದ್ದರೆ ಸಾಕು.

ಎರಡನೆಯ ತೊಡಕು ಆಳವಾದದ್ದು. ಒಂದು ಸೋಮವಾರ ವಿಜ್ಞಾನದ ಶಿಕ್ಷಕರು ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಲು, ಜೊತೆಗೆ ಪಾಠದ ಪ್ರಶ್ನೆಗಳಿಗೆ ಉತ್ತರ ಬರೆಯಲು ಹೇಳಿ ಶುಕ್ರವಾರ ತೋರಿಸಬೇಕೆಂದರು. ಅವಳು ಗುರುವಾರ ರಾತ್ರಿ ಎಂಟಕ್ಕೆ ‘ನಾಳೆ ವಿಜ್ಞಾನ’ ಎಂದು ಅಲಾರಂ ಇಟ್ಟಳು. ಆದರೆ ಬುಧವಾರ ಕೊಟ್ಟ ಹಿಂದಿಯನ್ನೂ ಶುಕ್ರವಾರವೇ ತೋರಿಸಬೇಕಿತ್ತು, ಗುರುವಾರ ಕೊಟ್ಟ ಥೇಲ್ಸ್‌ನ ಪ್ರಮೇಯದ ಲೆಕ್ಕಗಳನ್ನೂ. ಚಿತ್ರಕ್ಕೆ 50 ನಿಮಿಷ, ಪ್ರಶ್ನೆಗಳಿಗೆ 40, ಲೆಕ್ಕಗಳಿಗೆ 45, ಹಿಂದಿಗೆ 30, ಒಟ್ಟು ಎರಡೂ ಮುಕ್ಕಾಲು ಗಂಟೆ. ಊಟ ಮುಗಿಸಿ ಅಷ್ಟನ್ನೂ ಬರೆಯುವಷ್ಟರಲ್ಲಿ ಹನ್ನೊಂದೂವರೆ ದಾಟಿತ್ತು. “ಅಪ್ಪಾ, ಅದು ಬಾರಿಸತೈತಿ ಖರೆ, ಆದ್ರ ಯಾವುದರಿಂದ ಶುರು ಮಾಡ್ಬೇಕು ಅನ್ನೂದ ತಿಳೀವಲ್ದು” ಎಂದು ಅತ್ತಳು. ಅಲಾರಂ ಸರಿಯಾಗಿಯೇ ಬಾರಿಸಿತ್ತು. ಆದರೆ ಅದು ಬಾರಿಸುವ ಹೊತ್ತಿಗೆ ಕೆಲಸಕ್ಕೆ ಸಮಯವೇ ಉಳಿದಿರಲಿಲ್ಲ.

ಮರುದಿನ ನಾವಿಬ್ಬರೂ ಅವಳ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆವು. ಹೋಮ್‌ವರ್ಕ್‌ನ ಗಡುವು ಇರುವುದು ಆ ವೇಳಾಪಟ್ಟಿಯಲ್ಲಿಯೇ, ಏಕೆಂದರೆ ಬಹುತೇಕ ಶಿಕ್ಷಕರು ನೋಟ್‌ಬುಕ್ ಕೇಳುವುದು ತಮ್ಮ ಮುಂದಿನ ಪಿರಿಯಡ್‌ನಲ್ಲಿ. ಗಣಿತದ ಪಿರಿಯಡ್ ದಿನವೂ ಇರುವುದರಿಂದ ಅದಕ್ಕೆ ದಿನವೂ ಆರೂವರೆಯ ಒಂದೇ ಅಲಾರಂ ಸಾಕಾಯಿತು. ಹಿಂದಿ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಇದೆ. ಹೀಗಾಗಿ ಕೊಟ್ಟ ದಿನವೇ ಸಂಜೆ ಏಳೂವರೆಗೆ ಅದರ ಅಲಾರಂ. ವಿಜ್ಞಾನದಂತಹ ದೊಡ್ಡ ಕೆಲಸವನ್ನು ಎರಡು ತುಂಡು ಮಾಡಿ, ಚಿತ್ರವನ್ನು ಮಂಗಳವಾರಕ್ಕೂ ಪ್ರಶ್ನೆಗಳನ್ನು ಗುರುವಾರಕ್ಕೂ ಹಾಕಿದಳು. ಅದೇ ಲೆಕ್ಕದಲ್ಲಿ ಗುರುವಾರಕ್ಕೆ ಉಳಿಯುವುದು 85 ನಿಮಿಷ, ಎಂದರೆ ಎಂಟರ ಸುಮಾರಿಗೆ ಪುಸ್ತಕ ಮುಚ್ಚಬಹುದು. ಅಲಾರಂನ ಹೆಸರನ್ನೂ ಬದಲಿಸಿದಳು: ‘ನಾಳೆ ವಿಜ್ಞಾನ’ ಹೋಗಿ ‘ಹೃದಯದ ಚಿತ್ರ, ಪೆನ್ಸಿಲ್ ತಗೊ’ ಬಂದಿತು. ಕೈಗೆ ಏನು ಎತ್ತಿಕೊಳ್ಳಬೇಕೆಂದು ಹೇಳುವ ಹೆಸರು ಅವಳನ್ನು ಎಬ್ಬಿಸುತ್ತದೆ. ಬರಿಯ ವಿಷಯದ ಹೆಸರು ಗಾಬರಿಯನ್ನಷ್ಟೇ ಹುಟ್ಟಿಸುತ್ತಿತ್ತು.

ಪ್ರಾಜೆಕ್ಟ್‌ಗಳದು ಬೇರೆಯೇ ಲೆಕ್ಕ. ಸೋಮವಾರ ಕೊಡಬೇಕಾದ ಚಾರ್ಟ್‌ಗೆ ಭಾನುವಾರ ಕುಳಿತರೆ, ನಮ್ಮ ಓಣಿಯ ಸ್ಟೇಷನರಿ ಅಂಗಡಿಯೂ ಝೆರಾಕ್ಸ್ ಅಂಗಡಿಯೂ ಮುಚ್ಚಿರುತ್ತವೆ. ಆದ್ದರಿಂದ ಸಾಮಾನು ತರುವುದಕ್ಕೇ ಶುಕ್ರವಾರ ಸಂಜೆ ಪ್ರತ್ಯೇಕ ಅಲಾರಂ ಇದೆ.

ಇನ್ನು ವಾರದ ಕೊನೆಯ ಮಾತು. ಅವಳ ಶಾಲೆ ಶನಿವಾರ ಮಧ್ಯಾಹ್ನಕ್ಕೇ ಬಿಡುತ್ತದೆ. ಮೂರರಿಂದ ಐದರವರೆಗೆ ವಾರದಲ್ಲಿ ಉಳಿದುಹೋದ ಕೆಲಸಕ್ಕೆ, ಭಾನುವಾರ ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಶನಿವಾರವೂ ಮುಗಿಯದ್ದಕ್ಕೆ ಎಂದು ಅವಳೇ ಸಮಯ ಗೊತ್ತುಮಾಡಿದಳು. ಭಾನುವಾರದ ಹೊತ್ತಿಗೆ ಮೊದಲೇ ಯಾವ ಕೆಲಸವನ್ನೂ ಬರೆದಿಡಬಾರದು ಎಂಬುದು ನಾನು ಹೇಳಿದ ಒಂದೇ ಮಾತು. ಆರಂಭದಲ್ಲಿ “ಶನಿವಾರ ಐತಲ್ಲ” ಎನ್ನುತ್ತ ಬುಧವಾರದ ಕೆಲಸವನ್ನೂ ಅಲ್ಲಿಗೆ ತಳ್ಳತೊಡಗಿದ್ದಳು. ಒಂದು ಶನಿವಾರ ಆರು ಕೆಲಸಗಳು ಕೂಡಿಬಿದ್ದವು. ಈಗ ಎರಡು ವಾರ ಸತತವಾಗಿ ಮೂರಕ್ಕಿಂತ ಹೆಚ್ಚು ಕೆಲಸ ಶನಿವಾರಕ್ಕೆ ಬಂದರೆ, ವಾರದ ನಡುವಿನ ಯಾವುದೋ ಅಲಾರಂನ ಸಮಯ ಸರಿಯಿಲ್ಲ ಎಂದು ಅವಳು ತಿಳಿಯುತ್ತಾಳೆ. ಹಾಗೆ ಹುಡುಕಿದಾಗ ಸಿಕ್ಕಿದ್ದು ಬುಧವಾರ: ಅಂದು ಆಟದ ಪಿರಿಯಡ್ ಕೊನೆಯದು, ಅವಳು ದಣಿದು ಬಂದಿರುತ್ತಾಳೆ, ಆರೂವರೆಯ ಅಲಾರಂ ಅನ್ನು ಪ್ರತಿ ಬುಧವಾರವೂ ಮುಂದೂಡುತ್ತಿದ್ದಳು. ಅದನ್ನು ಏಳೂಕಾಲಿಗೆ ಸರಿಸಿ, ಹಿಂದಿಯನ್ನು ಅದರ ಬೆನ್ನಿಗೇ ಎಂಟಕ್ಕೆ ಇಟ್ಟಳು. ಮುಂದೂಡುವುದು ನಿಂತಿತು.

ಈ ಅಲಾರಂಗಳನ್ನು ತಂದೆತಾಯಿಗಳೇ ಇಟ್ಟುಕೊಡಬಾರದು ಎಂದು ನಾನು ಬಲವಾಗಿ ನಂಬಿದ್ದೇನೆ. ಬುಧವಾರದ ದಣಿವು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ, ಅದು ಅವಳಿಗೇ ಗೊತ್ತಿತ್ತು. ಕಳೆದ ಭಾನುವಾರ ಬೆಳಿಗ್ಗೆ ಏಳಕ್ಕೆ ಅಲಾರಂ ಬಾರಿಸಿದಾಗ ಅವಳ ಪಟ್ಟಿಯಲ್ಲಿ ಏನೂ ಉಳಿದಿರಲಿಲ್ಲ. ಅದನ್ನು ಆರಿಸಿ ಮತ್ತೆ ಮಲಗಿದಳು, ನಾವೂ ಎಬ್ಬಿಸಲಿಲ್ಲ.